ಸಾಣೆ ಕಲ್ಲು ನಿಲ್ಲುವ ಮೊದಲು ಎಷ್ಟು ಸುತ್ತು? ಮೂರು ಜನಕ್ಕೆ ಮೂರು ಉತ್ತರ ಬಂದಿದೆ

ಪಿಯು_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮೊದಲನೇ ಪಿಯು ವಿಜ್ಞಾನ ಓದ್ತಿದ್ದೇನೆ. ಒಂದು ಲೆಕ್ಕಕ್ಕೆ ನಮ್ಮ ಮೂವರು ಗೆಳತಿಯರಿಗೆ ಮೂರು ಉತ್ತರ ಬಂದಿದೆ. ಲೆಕ್ಕ ಹೀಗಿದೆ:

40 ಕೆಜಿ ತೂಕ, 60 ಸೆಂ.ಮೀ. ವ್ಯಾಸ ಇರುವ ಸಾಣೆ ಕಲ್ಲು ನಿಮಿಷಕ್ಕೆ 120 ಸುತ್ತು ತಿರುಗುತ್ತಿದೆ. ಹಿಡಿಕೆ ಬಿಟ್ಟ ಮೇಲೆ ಬೇರಿಂಗ್‌ನ ಘರ್ಷಣೆ 0.6 ನ್ಯೂಟನ್ ಮೀಟರ್ ಟಾರ್ಕ್‌ನಿಂದ ಅದನ್ನು ತಡೆಯುತ್ತದೆ. ನಿಲ್ಲುವ ಮೊದಲು ಕಲ್ಲು ಎಷ್ಟು ಸುತ್ತು ಹಾಕುತ್ತದೆ?

ನನಗೆ ಹತ್ತಿರ ಹತ್ತಿರ 38 ಬಂತು. ಒಬ್ಬಳಿಗೆ 75. ಇನ್ನೊಬ್ಬಳಿಗೆ 237. ಜಡತ್ವ ಭ್ರಮಣಾಂಕ ಮೂವರಿಗೂ 1.8 ಅಂತಲೇ ಬಂದಿದೆ, ಅಲ್ಲಿ ಜಗಳ ಇಲ್ಲ. ಪುಸ್ತಕದ ಹಿಂದೆ ಉತ್ತರ ಕೊಟ್ಟಿಲ್ಲ. ಯಾರದ್ದು ಸರಿ ಅಂತ ಗೊತ್ತಾದರೆ ಸಾಲದು, ಉಳಿದ ಎರಡು ಎಲ್ಲಿ ದಾರಿ ತಪ್ಪಿದವು ಅಂತಲೂ ಹೇಳ್ತೀರಾ?

ಲೆಕ್ಕದ_ಮೇಷ್ಟ್ರು

38 ಸರಿ. ಸರಿಯಾಗಿ ಹೇಳಬೇಕೆಂದರೆ 37.7.

ಶಕ್ತಿಯ ದಾರಿಯಲ್ಲಿ ಹೋದರೆ ಬೇಗ ಮುಗಿಯುತ್ತದೆ. ನಿಮಿಷಕ್ಕೆ 120 ಅಂದರೆ ಸೆಕೆಂಡಿಗೆ 2 ಸುತ್ತು, ಅಂದರೆ 4π ರೇಡಿಯನ್. ಕಲ್ಲಿನಲ್ಲಿರುವ ಚಲನ ಶಕ್ತಿ:

½Iω² = ½ × 1.8 × (4π)² = 14.4π² ≈ 142 ಜೂಲ್

ಬೇರಿಂಗ್ ಇದನ್ನು ಪೂರ್ತಿ ತಿಂದು ಮುಗಿಸಬೇಕು. ಒಂದೊಂದು ರೇಡಿಯನ್ ತಿರುಗಿದಾಗ ಅದು 0.6 ಜೂಲ್ ತಿನ್ನುತ್ತದೆ. ಹಾಗಾದರೆ ಒಟ್ಟು ತಿರುಗುವ ಕೋನ:

θ = 14.4π² / 0.6 = 24π² ≈ 237 ರೇಡಿಯನ್

ನಿಮ್ಮ ಗೆಳತಿಯ 237 ಇಲ್ಲಿದೆ ನೋಡಿ. ಆಕೆ ಲೆಕ್ಕ ಪೂರ್ತಿ ಸರಿಯಾಗಿಯೇ ಮಾಡಿದ್ದಾಳೆ, ಕೊನೆಯಲ್ಲಿ ರೇಡಿಯನ್ನನ್ನೇ ಸುತ್ತು ಅಂದುಕೊಂಡಿದ್ದಾಳೆ. 2π ಇಂದ ಭಾಗಿಸಿದರೆ 12π, ಅಂದರೆ 37.7 ಸುತ್ತು.

75 ಬಂದವಳು ಮೊದಲು ಸಮಯ ಕಂಡುಹಿಡಿದಿರಬೇಕು. ವೇಗ ಇಳಿಯುವ ದರ 0.6/1.8, ಅಂದರೆ ಸೆಕೆಂಡಿಗೆ ಸೆಕೆಂಡಿಗೆ ಮೂರನೇ ಒಂದು ರೇಡಿಯನ್. ನಿಲ್ಲಲು ಬೇಕಾದ ಸಮಯ 4π × 3 = 12π, ಅದೂ 37.7 ಸೆಕೆಂಡ್. ಇಲ್ಲಿವರೆಗೆ ಸರಿ. ಆಮೇಲೆ ಸೆಕೆಂಡಿಗೆ 2 ಸುತ್ತು ಅಂತ ಗುಣಿಸಿದ್ದಾಳೆ. ಆದರೆ ಕಲ್ಲು ಕೊನೆವರೆಗೂ ಅದೇ ವೇಗದಲ್ಲಿ ಓಡುವುದಿಲ್ಲವಲ್ಲ. ಶುರುವಿನಲ್ಲಿ 2, ಕೊನೆಯಲ್ಲಿ 0, ಸಮನಾಗಿ ಇಳಿಯುವುದರಿಂದ ಸರಾಸರಿ 1. ಸೆಕೆಂಡಿಗೆ 1 ಸುತ್ತಿನಂತೆ 37.7 ಸೆಕೆಂಡಿಗೆ 37.7 ಸುತ್ತು. ಈ ಲೆಕ್ಕದಲ್ಲಿ ಸೆಕೆಂಡೂ ಸುತ್ತೂ ಒಂದೇ ಅಂಕಿ ಆಗಿರುವುದು ಶುರುವಿನ ವೇಗ 2 ಇರುವುದಕ್ಕೆ, ಬೇರೆ ಕಾರಣ ಇಲ್ಲ.

ಮಲ್ನಾಡ್_ಕುಲುಮೆ

ಇದು ಯಾವ ಲೆಕ್ಕ ಸ್ವಾಮಿ. ನಮ್ಮ ಕುಲುಮೆಯಲ್ಲಿ ಇದೇ ಅಳತೆಯ ಸಾಣೆ ಕಲ್ಲು ಇದೆ. ಎರಡು ಅಡಿ ಅಗಲ. ಚೆನ್ನಾಗಿ ಜೋರು ತಿರುಗಿಸಿ ಬಿಟ್ಟು ಕತ್ತಿ ಇಟ್ಟರೆ ನಾಲ್ಕು ಸುತ್ತು, ಹೆಚ್ಚೆಂದರೆ ಐದು. 38 ಸುತ್ತು ಎಂದೂ ತಿರುಗಿಲ್ಲ. ಅದಕ್ಕೇ ಒಬ್ಬರು ತಿರುಗಿಸ್ತಾ ಇರಬೇಕು, ಇನ್ನೊಬ್ಬರು ಮಸೀಬೇಕು.

ಲೆಕ್ಕದ_ಮೇಷ್ಟ್ರು

ಅಣ್ಣ, ಈ ಲೆಕ್ಕದಲ್ಲಿ ಕತ್ತಿಯೇ ಇಲ್ಲ. ಕಲ್ಲನ್ನು ಸುಮ್ನೆ ತಿರುಗಲು ಬಿಟ್ಟಿದ್ದಾರೆ. ತಡೆಯುವುದು ಬೇರಿಂಗ್ ಮಾತ್ರ.

ಆದರೆ ನೀವು ಹೇಳಿದ ನಾಲ್ಕೈದು ಸುತ್ತು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಕತ್ತಿ ಒತ್ತಿದಾಗ ಕಲ್ಲಿನ ಅಂಚಿನಲ್ಲಿ 15 ನ್ಯೂಟನ್ ಎಳೆತ ಬಿತ್ತು ಅಂತ ಇಟ್ಟುಕೊಳ್ಳಿ, ಅಂದರೆ ಒಂದೂವರೆ ಕೆಜಿಯಷ್ಟು. ಅದು ನಡುವಿನಿಂದ 0.3 ಮೀಟರ್ ದೂರದಲ್ಲಿ ಎಳೆಯುವುದರಿಂದ ಟಾರ್ಕ್ 4.5. ಬೇರಿಂಗಿನದು 0.6 ಸೇರಿಸಿದರೆ 5.1. ಆಗ 142/5.1 = 28 ರೇಡಿಯನ್, ಅಂದರೆ 4.4 ಸುತ್ತು. ಕತ್ತಿಯ ಮುಂದೆ ಬೇರಿಂಗಿನ ತಡೆ ಲೆಕ್ಕಕ್ಕೇ ಇಲ್ಲ.

ಮಲ್ನಾಡ್_ಕುಲುಮೆ

ಹಾಗೆ ಹೇಳಿ. ಕತ್ತಿ ಇಡದೆ ಬಿಟ್ಟರೆ ಎಷ್ಟು ಸುತ್ತು ಅಂತ ನಾವು ಯಾವತ್ತೂ ಎಣಿಸಿಲ್ಲ. ಎಣಿಸಿ ಹೇಳ್ತೇನೆ.

ಗೇರ್‌ಬಾಕ್ಸ್

ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಬೇರಿಂಗಿನಲ್ಲಿ ಎಣ್ಣೆ ಇರುತ್ತದೆ. ಎಣ್ಣೆಯ ತಡೆ ವೇಗಕ್ಕೆ ತಕ್ಕಂತೆ ಇರುತ್ತದೆ. ಜೋರಾಗಿ ತಿರುಗಿದರೆ ಜಾಸ್ತಿ, ನಿಧಾನ ಆದಂತೆ ಕಡಿಮೆ. 0.6 ಅಂತ ಕೊನೆವರೆಗೂ ಒಂದೇ ಇರಲು ಸಾಧ್ಯವೇ ಇಲ್ಲ. ವೇಗಕ್ಕೆ ತಕ್ಕಂತೆ ತಡೆ ಇಳಿದರೆ ವೇಗ ಘಾತೀಯವಾಗಿ ಇಳಿಯುತ್ತದೆ, ಸೊನ್ನೆ ಮುಟ್ಟುವುದೇ ಇಲ್ಲ. ಹಾಗಾಗಿ ಕಲ್ಲು ನಿಲ್ಲಲ್ಲ. ಎಷ್ಟು ಸುತ್ತು ಅಂತ ಕೇಳಿದರೆ ಅನಂತ ಅನ್ನಬೇಕು.

ಲೆಕ್ಕದ_ಮೇಷ್ಟ್ರು

ಕೊನೆಯ ಮಾತು ಒಪ್ಪಲ್ಲ. ತಡೆ ಪೂರ್ತಿ ವೇಗಕ್ಕೆ ತಕ್ಕಂತೆ ಇದ್ದರೂ ಅನಂತ ಆಗುವುದು ಸಮಯ, ಸುತ್ತು ಅಲ್ಲ. ವೇಗದ ನಕ್ಷೆಯ ಕೆಳಗಿನ ಜಾಗವನ್ನು ಕೂಡಿಸಿ ನೋಡಿ, ಒಂದು ಮಿತಿಗೆ ಬಂದು ನಿಲ್ಲುತ್ತದೆ. ಒಂದೊಂದು ಸುತ್ತಿಗೂ ವೇಗ ಒಂದೇ ಅಳತೆಯಲ್ಲಿ ಇಳಿಯುತ್ತದೆ. ಸೆಕೆಂಡಿಗೆ 2 ಇದ್ದದ್ದು ಪ್ರತಿ ಸುತ್ತಿಗೆ 0.05 ಇಳಿದರೆ 40 ಸುತ್ತಿಗೆ ಬಂಡವಾಳ ಖಾಲಿ. 40ನೇ ಸುತ್ತಿನ ಗುರುತನ್ನು ಮುಟ್ಟಲು ಕಲ್ಲು ಎಷ್ಟು ಹೊತ್ತು ತೆಗೆದುಕೊಂಡರೂ ಅದನ್ನು ದಾಟುವುದಿಲ್ಲ.

ಟೂಲ್‌ರೂಮ್_ಅಣ್ಣ

ಇಲ್ಲಿವರೆಗೆ ಓದಿದೆ. ಬೇರಿಂಗ್ ಬಿಚ್ಚಿ ಹಾಕುವುದೇ ನನ್ನ ಕೆಲಸವಾಗಿತ್ತು, ಆ ಕಡೆಯಿಂದ ಸ್ವಲ್ಪ ಹೇಳ್ತೇನೆ.

ಗೇರ್‌ಬಾಕ್ಸ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಎಣ್ಣೆಯ ಪದರದ ಮೇಲೆ ಶಾಫ್ಟ್ ತೇಲುತ್ತಿದ್ದರೆ ತಡೆ ವೇಗಕ್ಕೆ ತಕ್ಕಂತೆ ಇರುತ್ತದೆ. ಆದರೆ ಹಾಗೆ ತೇಲಬೇಕಾದರೆ ವೇಗ ಬೇಕು. ಕೈಯಲ್ಲಿ ತಿರುಗಿಸುವ ಸಾಣೆ ಕಲ್ಲಿನ ಶಾಫ್ಟ್ ಸೆಕೆಂಡಿಗೆ ಎರಡು ಸುತ್ತು ಹಾಕುತ್ತದೆ. 25 ಮಿ.ಮೀ. ಶಾಫ್ಟ್ ಆದರೆ ಅದರ ಮೈ ಬುಷ್ ಎನ್ನುವ ಕೊಳವೆಯಂಥ ಬೇರಿಂಗಿನ ಮೇಲೆ ಜಾರುವ ವೇಗ ಸೆಕೆಂಡಿಗೆ 16 ಸೆಂ.ಮೀ. ಅಷ್ಟೆ. ಮೇಲೆ 40 ಕೆಜಿ ಭಾರ. ಇಷ್ಟು ನಿಧಾನಕ್ಕೆ ಎಣ್ಣೆ ಪೂರ್ತಿ ಒಳಗೆ ಎಳೆದುಕೊಂಡು ಹೋಗುವುದಿಲ್ಲ. ಲೋಹಕ್ಕೆ ಲೋಹ ತಾಗಿಕೊಂಡೇ ಇರುತ್ತದೆ, ನಡುವೆ ಸ್ವಲ್ಪ ಜಿಡ್ಡು. ಹಾಗಿದ್ದಾಗ ತಡೆ ಭಾರಕ್ಕೆ ತಕ್ಕಂತೆ, ವೇಗಕ್ಕೆ ತಕ್ಕಂತೆ ಅಲ್ಲ. ಹಾಗಾಗಿ ಕೊಟ್ಟ ಲೆಕ್ಕ ಸಾಣೆ ಕಲ್ಲಿನ ಮಟ್ಟಿಗೆ ಚೆನ್ನಾಗೇ ಇದೆ.

0.6 ಕೂಡ ನಂಬುವಂಥ ಅಂಕಿ. ಕಲ್ಲು, ಶಾಫ್ಟ್, ಹಿಡಿಕೆ ಎಲ್ಲ ಸೇರಿ 45 ಕೆಜಿ ಅಂದರೆ ಬುಷ್ ಮೇಲೆ 440 ನ್ಯೂಟನ್. ಶಾಫ್ಟಿನ ತ್ರಿಜ್ಯ 12.5 ಮಿ.ಮೀ. ಗುಣಿಸಿದರೆ 5.5. ಇದರಲ್ಲಿ 0.6 ಅಂದರೆ ಘರ್ಷಣಾಂಕ 0.11. ಯಾವಾಗಲೋ ಒಮ್ಮೆ ಎಣ್ಣೆ ಬಿಡುವ ಬುಷ್‌ಗೆ ಇದು ಸಹಜ.

ಇದೇ ಕಲ್ಲನ್ನು ಬಾಲ್ ಬೇರಿಂಗ್ ಮೇಲೆ ಕೂರಿಸಿದರೆ ಕಥೆ ಬೇರೆ. ಅಲ್ಲಿ ಘರ್ಷಣಾಂಕ 0.0015ರ ಆಸುಪಾಸು. ಭಾರದಿಂದ ಬರುವ ತಡೆ ಇಲ್ಲವೇನೋ ಅನ್ನುವಷ್ಟು ಕಡಿಮೆ. ಉಳಿಯುವುದು ಗ್ರೀಸು, ಸೀಲು, ಗಾಳಿ. ಗ್ರೀಸ್ ಮತ್ತು ಗಾಳಿಯ ತಡೆ ವೇಗದ ಮೇಲೆ ನಿಂತದ್ದು. ಅಲ್ಲಿ ಒಂದೇ ಟಾರ್ಕ್ ಅಂತ ಹಿಡಿದು ಲೆಕ್ಕ ಮಾಡಿದರೆ ಉತ್ತರ ಎಲ್ಲಿಗೋ ಹೋಗುತ್ತದೆ.

ಈಗ ಹುಡುಗಿಗೆ ಒಂದು ಮಾತು. ಪುಸ್ತಕದಲ್ಲಿ ಟಾರ್ಕ್ ಕೊಟ್ಟು ಸುತ್ತು ಕೇಳ್ತಾರೆ. ಶಾಪ್‌ನಲ್ಲಿ ನಾವು ಮಾಡುವುದು ಉಲ್ಟಾ. ಸುತ್ತು ಎಣಿಸಿ ಬೇರಿಂಗಿನ ಸ್ಥಿತಿ ತಿಳಿಯುತ್ತೇವೆ. ಅದಕ್ಕೆ ಕಲ್ಲಿನ ತೂಕವೂ ಬೇಡ. ಶುರುವಿನ ವೇಗ, ನಿಲ್ಲಲು ಹಿಡಿದ ಸಮಯ, ಹಾಕಿದ ಸುತ್ತು, ಈ ಮೂರು ಸಾಕು. ಟಾರ್ಕ್ ಕೊನೆವರೆಗೂ ಒಂದೇ ಇದ್ದರೆ ಸುತ್ತು ಸರಿಯಾಗಿ ಶುರುವಿನ ವೇಗದ ಅರ್ಧ ಗುಣಿಸು ಸಮಯ ಇರಬೇಕು. ಎಣಿಸಿದ ಸುತ್ತು ಅದಕ್ಕಿಂತ ಕಡಿಮೆ ಬಂದರೆ ಶುರುವಿನಲ್ಲಿ ಜಾಸ್ತಿ ತಡೆ ಇತ್ತು ಅಂತ ಅರ್ಥ. ಅಂದರೆ ಎಣ್ಣೆ, ನೀರು, ಗಾಳಿ ಯಾವುದೋ ಒಂದು ವೇಗಕ್ಕೆ ತಕ್ಕಂತೆ ಎಳೆಯುತ್ತಿದೆ. ಜಾಸ್ತಿ ಬಂದರೆ ನಿಧಾನ ಆದಾಗ ತಡೆ ಏರುತ್ತಿದೆ. ಬುಷ್ ಒಣಗಿದಾಗ ಹಾಗೆ ಆಗುವುದನ್ನು ನೋಡಿದ್ದೇನೆ. ಚೆನ್ನಾಗಿ ತಿರುಗುತ್ತಾ ಇದ್ದದ್ದು ಕೊನೆಗೆ ಗಕ್ಕನೆ ಹಿಡಿದುಕೊಳ್ಳುತ್ತದೆ.

ಪಿಯು_ಹುಡುಗಿ

ಸರ್, ಇದು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ! ಒಂದು ಅನುಮಾನ. ಟಾರ್ಕ್ ಒಂದೇ ಇದ್ದರೆ ಅರ್ಧ ಸಮಯಕ್ಕೆ ಅರ್ಧ ಸುತ್ತು ಮುಗಿದಿರಲ್ಲ ಅಲ್ವಾ?

ಲೆಕ್ಕದ_ಮೇಷ್ಟ್ರು

ಮುಗಿದಿರಲ್ಲ. ಮೊದಲ ಅರ್ಧ ಸಮಯದಲ್ಲಿ ಮುಕ್ಕಾಲು ಪಾಲು ಸುತ್ತು ಮುಗಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಮೊದಲ 19 ಸೆಕೆಂಡಿಗೆ 28 ಸುತ್ತು, ಉಳಿದ 19 ಸೆಕೆಂಡಿಗೆ 9 ಚಿಲ್ಲರೆ. ಮೊದಲರ್ಧದ ಸರಾಸರಿ ವೇಗ ಒಂದೂವರೆ, ಎರಡನೆಯದರದ್ದು ಅರ್ಧ. ಮೂರಕ್ಕೆ ಒಂದು.

ವೆಲ್ಡಿಂಗ್_ಶಾಪ್

ಅಣ್ಣ, ನಂದೂ ಒಂದು ಸಮಸ್ಯೆ ಇದೆ. ಬೇರೆ ಥ್ರೆಡ್ ಶುರು ಮಾಡೋದು ಬೇಡ ಅಂತ ಇಲ್ಲೇ ಕೇಳ್ತಿದ್ದೇನೆ. ನಮ್ಮಲ್ಲಿ 8 ಇಂಚಿನ ಬೆಂಚ್ ಗ್ರೈಂಡರ್ ಇದೆ, 2850 ಆರ್‌ಪಿಎಂ. ಮೊದಲು ಸ್ವಿಚ್ ಆಫ್ ಮಾಡಿದರೆ ಒಂದು ನಿಮಿಷದ ಮೇಲೆ ತಿರುಗುತ್ತಾ ಇರುತ್ತಿತ್ತು. ಹೋದ ವಾರ ಎರಡೂ ಕಡೆ ಬೇರಿಂಗ್ ಹೊಸದು ಹಾಕಿಸಿದೆ. ಈಗ ಅರ್ಧ ನಿಮಿಷ ಆಗುವಷ್ಟರಲ್ಲಿ ನಿಂತುಬಿಡುತ್ತದೆ. ಹಾಕಿದ ಮೆಕ್ಯಾನಿಕ್ ಏನೂ ಆಗಲ್ಲ ಅಂತಾನೆ. ನನಗೆ ಮೋಸ ಆಯ್ತು ಅಂತ ಅನುಮಾನ. ಕಳಪೆ ಬೇರಿಂಗ್ ಹಾಕಿದ್ದಾನಾ?

ಟೂಲ್‌ರೂಮ್_ಅಣ್ಣ

ತಕ್ಷಣ ಹಾಗೆ ಅನ್ನಬೇಡಿ. ಹೊಸ ಬೇರಿಂಗ್ ಹಾಕಿದ ಮೇಲೆ ಬೇಗ ನಿಲ್ಲುವುದು ತುಂಬಾ ಸಾಮಾನ್ಯ. ಮೊದಲು ನೋಡಬೇಕಾದ್ದು ಬೇರಿಂಗ್ ಮೇಲೆ ಏನು ಬರೆದಿತ್ತು ಅಂತ. ನಂಬರಿನ ಕೊನೆಯಲ್ಲಿ ZZ ಇದ್ದರೆ ಎರಡೂ ಕಡೆ ತಗಡಿನ ಮುಚ್ಚಳ, ಅದು ಒಳಗಿನ ರಿಂಗಿಗೆ ತಾಗುವುದಿಲ್ಲ. 2RS ಇದ್ದರೆ ರಬ್ಬರ್ ಸೀಲ್, ಅದರ ತುಟಿ ರಿಂಗಿಗೆ ಒತ್ತಿಕೊಂಡೇ ಇರುತ್ತದೆ. ಹಳೆಯದು ZZ ಇದ್ದು ಈಗ 2RS ಹಾಕಿದ್ದರೆ ನೀವು ಹೇಳುವ ವ್ಯತ್ಯಾಸ ಅದರಿಂದಲೇ ಬರಬಹುದು. ಅದು ತಪ್ಪು ಬೇರಿಂಗೂ ಅಲ್ಲ. ಕಲ್ಲಿನ ಪುಡಿ ಹಾರುವ ಜಾಗದಲ್ಲಿ ರಬ್ಬರ್ ಸೀಲ್ ಒಳ್ಳೇದೇ.

ಎರಡನೆಯದು ಗ್ರೀಸು. ಹೊಸದರಲ್ಲಿ ಗ್ರೀಸ್ ಗುಂಡುಗಳ ದಾರಿಯಲ್ಲೇ ತುಂಬಿರುತ್ತದೆ. ಗುಂಡು ಅದನ್ನು ಕಲಕುತ್ತಾ ಓಡಬೇಕು. ಕೆಲವು ಗಂಟೆ ಓಡಿದ ಮೇಲೆ ಪಕ್ಕಕ್ಕೆ ಸರಿದುಕೊಳ್ಳುತ್ತದೆ, ತಡೆ ಇಳಿಯುತ್ತದೆ. ನಿಮ್ಮ ಹಳೇ ಬೇರಿಂಗ್ ಒಂದು ನಿಮಿಷದ ಮೇಲೆ ತಿರುಗುತ್ತಿದ್ದದ್ದಕ್ಕೆ ಅದರ ಗ್ರೀಸ್ ಒಣಗಿ ಹೋಗಿದ್ದೂ ಕಾರಣ ಇರಬಹುದು. ಜಾಸ್ತಿ ಹೊತ್ತು ತಿರುಗುವುದೇ ಒಳ್ಳೇ ಬೇರಿಂಗ್ ಅಂತ ತಿಳಿಯಬೇಡಿ.

ಕೆಟ್ಟದ್ದನ್ನು ಗುರುತಿಸುವುದು ನಿಲ್ಲುವ ರೀತಿಯಲ್ಲಿ. ಪ್ಲಗ್ ತೆಗೆದು ಕೈಯಲ್ಲಿ ನಿಧಾನ ತಿರುಗಿಸಿ. ಒಂದೇ ಸಮನೆ ಬಿಗಿ ಇದ್ದರೆ ಗ್ರೀಸ್ ಅಥವಾ ಸೀಲ್. ಒಂದು ಕಡೆ ಹಗುರ, ಒಂದು ಕಡೆ ಬಿಗಿ, ಅಥವಾ ಬೆರಳಿಗೆ ಕರಕರ ಅಂತ ಸಿಕ್ಕಿದರೆ ಹಾಕುವಾಗ ಹೊರಗಿನ ರಿಂಗಿಗೆ ಹೊಡೆದು ಕೂರಿಸಿ ಗುಂಡಿನ ದಾರಿಗೆ ಏಟು ಬಿದ್ದಿದೆ. ಎರಡೂ ಕಡೆಯ ಕವರ್ ಬೋಲ್ಟ್ ಅರ್ಧ ಸುತ್ತು ಸಡಿಲ ಮಾಡಿದ ಕೂಡಲೇ ಹಗುರ ಆದರೆ ಕವರ್ ಸೊಟ್ಟ ಕೂತು ಬೇರಿಂಗನ್ನು ಅಡ್ಡಕ್ಕೆ ಒತ್ತುತ್ತಿದೆ.

ಇನ್ನೊಂದು. ಬೇಗ ನಿಲ್ಲಲಿ ಅಂತ ಕಲ್ಲಿನ ಪಕ್ಕಕ್ಕೆ ಮರದ ತುಂಡು ಒತ್ತುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಮಾಡಬೇಡಿ. 8 ಇಂಚಿನ ಕಲ್ಲಿನ ಅಂಚು ಆ ವೇಗದಲ್ಲಿ ಸೆಕೆಂಡಿಗೆ 30 ಮೀಟರ್ ಓಡುತ್ತಿರುತ್ತದೆ. ನೇರ ಕಲ್ಲು ಪಕ್ಕದ ಒತ್ತಡ ತಡೆಯಲು ಮಾಡಿದ್ದಲ್ಲ. ಬಿರುಕು ಬಿಟ್ಟರೆ ತುಂಡು ಹಾರುತ್ತದೆ.

ವೆಲ್ಡಿಂಗ್_ಶಾಪ್

ನಂಬರ್ ನೋಡಿಲ್ಲ, ಬಿಚ್ಚಿಸಬೇಕು. ಕೈಯಲ್ಲಿ ತಿರುಗಿಸಿದರೆ ಒಂದೇ ಸಮ ಇದೆ, ಕರಕರ ಇಲ್ಲ. ಆದರೂ ಅರ್ಧಕ್ಕರ್ಧ ವ್ಯತ್ಯಾಸ ಬರೋದು ಜಾಸ್ತಿ ಆಯ್ತು ಅನಿಸುತ್ತೆ.

ಟೂಲ್‌ರೂಮ್_ಅಣ್ಣ

ಹದಿನೈದು ದಿನ ಓಡಿಸಿ ನೋಡಿ. ಶುರುವಿನಲ್ಲೇ ಸಮಯ ಬರೆದಿಟ್ಟುಕೊಳ್ಳಿ, ಯಂತ್ರ ಬಿಸಿ ಇದ್ದಾಗ ಒಮ್ಮೆ, ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ. ದಿನ ಕಳೆದಂತೆ ಸಮಯ ಉದ್ದ ಆಗುತ್ತಾ ಹೋದರೆ ಗ್ರೀಸ್. ಅಲ್ಲೇ ನಿಂತರೆ ಸೀಲ್ ಅಥವಾ ಕೂರಿಸಿದ್ದರ ದೋಷ. ನೋಡದೆ ಇಲ್ಲಿಂದಲೇ ಇದೇ ಅಂತ ಹೇಳಲಾರೆ.

ಮಲ್ನಾಡ್_ಕುಲುಮೆ

ನಮ್ಮ ಕಲ್ಲು ಎಣಿಸಿದೆವು. ಕಲ್ಲಿನ ಅಂಚಿಗೆ ಸೀಮೆಸುಣ್ಣದ ಗೀಟು ಹಾಕಿ, ಮಗ ಮೊಬೈಲಿನಲ್ಲಿ ವಿಡಿಯೋ ತೆಗೆದ. ಆಮೇಲೆ ನಿಧಾನ ಓಡಿಸಿ ಎಣಿಸಿದ. ಹಿಡಿಕೆ ಬಿಟ್ಟಾಗ ಅರ್ಧ ಸೆಕೆಂಡಿಗೆ ಒಂದು ಸುತ್ತು ಇತ್ತು. ಅಲ್ಲಿಂದ 31 ಸೆಕೆಂಡಿಗೆ ನಿಂತಿತು. ಸುತ್ತು 26.

ಮೇಷ್ಟ್ರ ಲೆಕ್ಕದ ಪ್ರಕಾರ 31 ಸುತ್ತು ಬರಬೇಕಿತ್ತು ಅಂತ ಮಗ ಹೇಳ್ತಾನೆ. ಐದು ಕಡಿಮೆ. ಬುಷ್ ಹಾಳಾಗಿದೆಯಾ?

ಗೇರ್‌ಬಾಕ್ಸ್

ನೋಡಿದಿರಾ, ಸುತ್ತು ಕಡಿಮೆ ಬಂದಿದೆ. ಟೂಲ್‌ರೂಮ್ ಅಣ್ಣನೇ ಹೇಳಿದ ಪ್ರಕಾರ ವೇಗಕ್ಕೆ ತಕ್ಕ ತಡೆ ಇದೆ. ಎಣ್ಣೆಯದ್ದೇ.

ಟೂಲ್‌ರೂಮ್_ಅಣ್ಣ

ವೇಗಕ್ಕೆ ತಕ್ಕ ತಡೆ ಇದೆ, ಒಪ್ಪಿದೆ. ಎಣ್ಣೆಯದ್ದೇ ಅಂತ ಹೇಗೆ ಹೇಳ್ತೀರಿ? ಕುಲುಮೆಯವರೇ, ಕಲ್ಲಿನ ಕೆಳಗೆ ನೀರಿನ ತೊಟ್ಟಿ ಇದೆಯಾ? ಅದರಲ್ಲಿ ನೀರಿತ್ತಾ? ಕೊನೆಯ ಮೂರು ಸುತ್ತಿಗೆ ಎಷ್ಟು ಸೆಕೆಂಡ್ ಆಯ್ತು ಅಂತ ವಿಡಿಯೋದಲ್ಲಿ ನೋಡಿ ಹೇಳಿ.

ಮಲ್ನಾಡ್_ಕುಲುಮೆ

ತೊಟ್ಟಿ ಇದೆ. ನೀರು ಯಾವಾಗಲೂ ಇರುತ್ತೆ, ಕಲ್ಲಿನ ಬುಡ ಎರಡು ಬೆರಳು ಮುಳುಗಿರುತ್ತದೆ. ಕೊನೆಯ ಮೂರು ಸುತ್ತಿಗೆ ಹನ್ನೊಂದೂವರೆ ಸೆಕೆಂಡ್.

ಟೂಲ್‌ರೂಮ್_ಅಣ್ಣ

ನೀರು ಚೆಲ್ಲಿ ಇನ್ನೊಮ್ಮೆ ಮಾಡಿ. ಅದೇ ಶುರುವಿನ ವೇಗದಿಂದ ಎಣಿಸಿ.

ಮಲ್ನಾಡ್_ಕುಲುಮೆ

ನೀರು ಚೆಲ್ಲಿ ಮಾಡಿದೆವು. 43 ಸೆಕೆಂಡ್, 41 ಸುತ್ತು. ಕೊನೆಯ ಮೂರು ಸುತ್ತಿಗೆ 12 ಸೆಕೆಂಡ್. ಇಷ್ಟು ವ್ಯತ್ಯಾಸ ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ಟೂಲ್‌ರೂಮ್_ಅಣ್ಣ

ಈಗ ನಿಮ್ಮ ಬುಷ್ ಹೇಗಿದೆ ಅಂತ ಹೇಳಬಹುದು. ಚೆನ್ನಾಗಿದೆ.

ನೀರು ತೆಗೆದ ಮೇಲೆ 43 ಸೆಕೆಂಡಿಗೆ 43 ಬರಬೇಕಾದ ಕಡೆ 41 ಬಂದಿದೆ. ಅಂದರೆ ತಡೆ ಹತ್ತಿರ ಹತ್ತಿರ ಒಂದೇ ಸಮ. ಗೇರ್‌ಬಾಕ್ಸ್ ಹೇಳುವ ಎಣ್ಣೆಯ ಎಳೆತ, ಗಾಳಿ ಎಲ್ಲ ಸೇರಿ ಆ ಎರಡು ಸುತ್ತಿನ ಕೊರತೆಯಲ್ಲಿದೆ. ನೀರಿದ್ದಾಗ ಕಡಿಮೆ ಆದದ್ದು ನೀರಿನಿಂದ. ಬುಷ್‌ನಿಂದ ಅಲ್ಲ.

ಕೊನೆಯ ಮೂರು ಸುತ್ತು ಯಾಕೆ ಕೇಳಿದೆ ಅಂದರೆ, ಅಷ್ಟು ಹೊತ್ತಿಗೆ ಕಲ್ಲು ತುಂಬಾ ನಿಧಾನ ಆಗಿರುತ್ತದೆ. ನೀರು, ಎಣ್ಣೆ, ಗಾಳಿ ಯಾವುದರ ಎಳೆತವೂ ಹೆಚ್ಚು ಉಳಿದಿರುವುದಿಲ್ಲ. ಬುಷ್ ಒಂದೇ ಕೆಲಸ ಮಾಡುತ್ತಿರುತ್ತದೆ. ನೀರಿದ್ದಾಗ ಹನ್ನೊಂದೂವರೆ, ಇಲ್ಲದಾಗ ಹನ್ನೆರಡು. ಒಟ್ಟು ಸುತ್ತು 26ರಿಂದ 41ಕ್ಕೆ ಹಾರಿದರೂ ಕೊನೆಯ ಮೂರು ಸುತ್ತು ಬದಲಾಗಿಲ್ಲ. ಬುಷ್ ಎರಡೂ ಸಲ ಒಂದೇ ಇತ್ತು ಅಂತ ಅದೇ ಹೇಳುತ್ತದೆ.

ಹುಡುಗಿ, ಆ 12 ಸೆಕೆಂಡಿನಿಂದ ವೇಗ ಇಳಿಯುವ ದರ ತೆಗೆಯಿರಿ ನೋಡೋಣ.

ಪಿಯು_ಹುಡುಗಿ

ನಿಂತ ಕ್ಷಣದಿಂದ ಹಿಂದಕ್ಕೆ ನೋಡಿದರೆ ಸೊನ್ನೆಯಿಂದ ಶುರುವಾದ ಹಾಗೇ ಅಲ್ವಾ ಸರ್. ಸುತ್ತು = ½ a t². ಆದ್ದರಿಂದ a = 2 × 3 / 144 = 0.042. ಸೆಕೆಂಡಿಗೆ ಸೆಕೆಂಡಿಗೆ 0.042 ಸುತ್ತು. ರೇಡಿಯನ್‌ನಲ್ಲಿ 0.26.

ಈ ದರ ಶುರುವಿನಿಂದಲೂ ಇದ್ದಿದ್ದರೆ 2/0.042 ಅಂದರೆ 48 ಸೆಕೆಂಡಿಗೆ ನಿಲ್ಲಬೇಕಿತ್ತು, 48 ಸುತ್ತು ಬರಬೇಕಿತ್ತು. ಬಂದದ್ದು 41. ಉಳಿದ 7 ಸುತ್ತು ಎಣ್ಣೆಗೂ ಗಾಳಿಗೂ ಹೋಯಿತಾ?

ಟೂಲ್‌ರೂಮ್_ಅಣ್ಣ

ಹೌದು, ಆ 7 ಸುತ್ತು ಅನ್ನುವುದೇ ಸರಿಯಾದ ಲೆಕ್ಕ. ನಾನು ಹೇಳಿದ ಎರಡು ಸುತ್ತಿನ ಕೊರತೆ ವೇಗ ಇಳಿಯುವ ಗೆರೆ ಎಷ್ಟು ಬಾಗಿದೆ ಅಂತ ತೋರಿಸುತ್ತದೆ, ನೀವು ತೆಗೆದ 7 ಬುಷ್ ಬಿಟ್ಟು ಉಳಿದವು ಎಷ್ಟು ತಿಂದವು ಅಂತ ತೋರಿಸುತ್ತದೆ. ಎರಡೂ ಬೇಕು.

ಪಿಯು_ಹುಡುಗಿ

ಟಾರ್ಕ್ ಎಷ್ಟು ಅಂತ ಹೇಳಲು ಮಾತ್ರ ಕಲ್ಲಿನ ತೂಕ ಬೇಕೇ ಬೇಕು ಅಲ್ವಾ?

ಟೂಲ್‌ರೂಮ್_ಅಣ್ಣ

ತೂಗದೆಯೂ ಆಗುತ್ತದೆ. ಕಲ್ಲಿನ ಅಂಚಿಗೆ ತೆಳ್ಳನೆ ಹುರಿ ಎರಡು ಮೂರು ಸುತ್ತು ಸುತ್ತಿ, ತುದಿಯಲ್ಲಿ ಒಂದು ಡಬ್ಬಿ ಕಟ್ಟಿ ಇಳಿಬಿಡಿ. ಡಬ್ಬಿಗೆ ಸ್ವಲ್ಪ ಸ್ವಲ್ಪ ಮರಳು ಹಾಕುತ್ತಾ ಹೋಗಿ. ಪ್ರತಿ ಸಲ ಕಲ್ಲನ್ನು ಬೆರಳಿನಿಂದ ಮೆಲ್ಲಗೆ ನೂಕಿ ಬಿಡಬೇಕು. ನೂಕದಿದ್ದರೆ ಹೊರಡುವಾಗಿನ ಘರ್ಷಣೆ ಅಳತೆಗೆ ಸಿಗುತ್ತದೆ, ಅದು ಯಾವಾಗಲೂ ಜಾಸ್ತಿ. ನೂಕಿದ ಮೇಲೆ ವೇಗ ಏರದೆ ಇಳಿಯದೆ ಒಂದೇ ಸಮನೆ ತಿರುಗುತ್ತಾ ಹೋದರೆ, ಡಬ್ಬಿಯ ಭಾರ ಬುಷ್‌ನ ತಡೆಗೆ ಸಮ ಆಯ್ತು. ಪುಸ್ತಕದ ಲೆಕ್ಕದ 0.6 ಆಗಿದ್ದರೆ ಅಂಚಿನಲ್ಲಿ 2 ನ್ಯೂಟನ್, ಅಂದರೆ 200 ಗ್ರಾಂ ಸಾಕು. 40 ಕೆಜಿಯ ಕಲ್ಲನ್ನು ತಿರುಗಿಸುತ್ತಾ ಇಡಲು ಒಂದು ಪಾವು ಮರಳು ಬೇಕಿಲ್ಲ.

ಮಲ್ನಾಡ್_ಕುಲುಮೆ

ಮಾಡಿ ನೋಡಿದೆವು. ಒಂದು ತೊಂದರೆ. ಡಬ್ಬಿಯ ಜೊತೆ ಅರ್ಧ ಸುತ್ತು ಜೋರು ಹೋಗುತ್ತೆ, ಇನ್ನರ್ಧ ಸುತ್ತು ನಿಧಾನ ಆಗುತ್ತೆ, ಕೆಲವು ಸಲ ಅಲ್ಲೇ ನಿಲ್ಲುತ್ತೆ. ಹುರಿ ಬಿಚ್ಚಿ ಸುಮ್ನೆ ತಿರುಗಿಸಿ ಬಿಟ್ಟಾಗಲೂ ಗಮನಿಸಿದೆ. ಪ್ರತಿ ಸಲ ಗೀಟಿನ ಎದುರು ಬದಿಯೇ ಕೆಳಗೆ ಬಂದು ನಿಲ್ಲುತ್ತೆ. ನಿಲ್ಲುವಾಗ ಸ್ವಲ್ಪ ಹಿಂದಕ್ಕೂ ಬರುತ್ತೆ.

ಟೂಲ್‌ರೂಮ್_ಅಣ್ಣ

ಆ ಬದಿ ಭಾರ ಇದೆ. ಹಿಂದಕ್ಕೆ ಬರುತ್ತದೆ ಅಂದರೆ ಆ ಭಾರದ ಎಳೆತ ಬುಷ್‌ನ ತಡೆಗಿಂತ ಜಾಸ್ತಿ ಇದೆ ಅಂತಲೇ ಅರ್ಥ. ಕಾರಣ ನೀವೇ ಹೇಳಿದಿರಿ. ತೊಟ್ಟಿಯಲ್ಲಿ ಯಾವಾಗಲೂ ನೀರಿರುತ್ತದೆ. ಸಾಣೆಯ ಮರಳುಗಲ್ಲು ನೀರು ಹೀರುತ್ತದೆ. ರಾತ್ರಿಯೆಲ್ಲ ನಿಂತಾಗ ಕೆಳಗಿನ ಬದಿ ಮಾತ್ರ ನೆನೆಯುತ್ತದೆ. ಭಾರ ಆದ ಬದಿಯೇ ಮತ್ತೆ ಕೆಳಗೆ ಬಂದು ನಿಲ್ಲುತ್ತದೆ, ಅದೇ ಮತ್ತೆ ನೆನೆಯುತ್ತದೆ. ನೆನೆದ ಬದಿ ಮೆತ್ತಗೂ ಆಗುತ್ತದೆ, ಮಸೆಯುವಾಗ ಅಲ್ಲಿ ಬೇಗ ಸವೆದು ಕಲ್ಲು ದುಂಡಗೆ ಉಳಿಯುವುದಿಲ್ಲ. ಕೆಲಸ ಮುಗಿದ ಕೂಡಲೇ ನೀರು ಚೆಲ್ಲಿ, ಅಥವಾ ತೊಟ್ಟಿ ಕೆಳಗಿಳಿಸಿ. ಮಸೆಯುವಾಗ ಮೇಲಿನಿಂದ ಹನಿ ಬೀಳುವಂತೆ ಡಬ್ಬಿ ಕಟ್ಟಿಕೊಂಡರೆ ಇನ್ನೂ ಒಳ್ಳೇದು.

ಪಿಯು_ಹುಡುಗಿ

ಒಂದು ಬದಿ ಭಾರ ಇದ್ದರೆ ನಾವು ಎಣಿಸಿದ 41 ಸುತ್ತು ತಪ್ಪಾ ಸರ್?

ಲೆಕ್ಕದ_ಮೇಷ್ಟ್ರು

ತಪ್ಪಲ್ಲ. ಭಾರದ ಬದಿ ಮೇಲೇರುವಾಗ ಕಲ್ಲಿನಿಂದ ಶಕ್ತಿ ಪಡೆಯುತ್ತದೆ, ಇಳಿಯುವಾಗ ಅಷ್ಟನ್ನೇ ಹಿಂದಕ್ಕೆ ಕೊಡುತ್ತದೆ. ಪೂರ್ತಿ ಒಂದು ಸುತ್ತಿಗೆ ಲೆಕ್ಕ ಸಮ. ಹಾಗಾಗಿ ಪೂರ್ತಿ ಸುತ್ತುಗಳ ಎಣಿಕೆಗೆ ಅದು ಹೆಚ್ಚು ತೊಂದರೆ ಕೊಡಲ್ಲ. ಕೊನೆಯ ಒಂದು ಸುತ್ತು ಮಾತ್ರ ಅದರ ಕೈಯಲ್ಲಿರುತ್ತದೆ. ಭಾರದ ಬದಿಯನ್ನು ಇನ್ನೊಮ್ಮೆ ಮೇಲಕ್ಕೆ ದಾಟಿಸುವಷ್ಟು ಶಕ್ತಿ ಉಳಿದಿದ್ದರೆ ಒಂದು ಸುತ್ತು ಜಾಸ್ತಿ, ಇಲ್ಲವಾದರೆ ಇಲ್ಲ. ಒಂದು ಸುತ್ತು ಆಚೀಚೆ ಅಂತ ಇಟ್ಟುಕೊಳ್ಳಿ.

ಗೇರ್‌ಬಾಕ್ಸ್

ಹಾಗಿದ್ದರೆ ಕೊನೆಯ ಮೂರು ಸುತ್ತಿನಿಂದ ತೆಗೆದ 0.042 ನಂಬುವುದು ಹೇಗೆ? ಮೂರರಲ್ಲಿ ಒಂದು ಸುತ್ತು ಭಾರದ ಕೈಯಲ್ಲಿದ್ದರೆ ಮೂರನೇ ಒಂದು ಪಾಲು ಅನುಮಾನ ಅಲ್ವಾ. 7 ಸುತ್ತು ಎಣ್ಣೆಗೆ ಹೋಯಿತು ಅನ್ನೋದೂ ಅದರ ಮೇಲೇ ನಿಂತಿದೆ.

ಟೂಲ್‌ರೂಮ್_ಅಣ್ಣ

ನ್ಯಾಯವಾದ ಪ್ರಶ್ನೆ. ನೀರಿದ್ದಾಗ, ಇಲ್ಲದಾಗ ಎರಡೂ ಸಲ ಹತ್ತಿರದ ಅಂಕಿ ಬಂದದ್ದರಿಂದ ಬುಷ್ ಒಂದೇ ಅನ್ನುವ ಮಾತು ನಿಲ್ಲುತ್ತದೆ. ಭಾರದ ಬದಿ ಎರಡೂ ಸಲ ಅದೇ ಇತ್ತಲ್ಲ. ಆದರೆ 0.042 ಎಷ್ಟು ಖಚಿತ ಅಂದರೆ, ಕಲ್ಲು ಒಣಗಿದ ಮೇಲೆ ಮತ್ತೆ ಅಳೆಯಬೇಕು. ಸದ್ಯಕ್ಕೆ ಕೊನೆಯ ಸುತ್ತು ಬಿಟ್ಟು ಅದಕ್ಕೆ ಹಿಂದಿನ ಐದಾರು ಪೂರ್ತಿ ಸುತ್ತುಗಳ ಒಂದೊಂದರ ಸಮಯವನ್ನು ವಿಡಿಯೋದಿಂದ ಬರೆದುಕೊಳ್ಳುವುದು ವಾಸಿ. ಪ್ರತಿ ಸುತ್ತನ್ನೂ ಗೀಟು ಮೇಲೆ ಬಂದಾಗಿನಿಂದಲೇ ಎಣಿಸಬೇಕು.

ಮಲ್ನಾಡ್_ಕುಲುಮೆ

ಹುರಿಯ ಅಳತೆ ಹೇಳೋದು ಮರೆತೆ. ಪೂರ್ತಿ ಸುತ್ತು ದಾಟುವಂತೆ ಸ್ವಲ್ಪ ಜೋರು ನೂಕಿದರೆ 180 ಗ್ರಾಂನಲ್ಲಿ ಮುಂದಕ್ಕೆ ಹೋಗ್ತಾ ಇರುತ್ತೆ. 150ಕ್ಕೆ ಎರಡು ಸುತ್ತಿನಲ್ಲಿ ನಿಲ್ಲುತ್ತೆ.

ಪಿಯು_ಹುಡುಗಿ

ನಾನು ಮಾಡಿ ನೋಡಿದೆ. 0.18 × 9.8 × 0.3 = 0.53 ನ್ಯೂಟನ್ ಮೀಟರ್. ಇದನ್ನು 0.26 ಇಂದ ಭಾಗಿಸಿದರೆ I = 2.0. ತಟ್ಟೆಯ ಆಕಾರ ಅಂತ ಹಿಡಿದರೆ ತೂಕ 2I/r² = 44 ಕೆಜಿ. ಅಣ್ಣ, ನಿಮ್ಮ ಕಲ್ಲು ಹೆಚ್ಚುಕಡಿಮೆ 44 ಕೆಜಿ ಇದೆಯಾ?

ಮಲ್ನಾಡ್_ಕುಲುಮೆ

ತೂಗಿಲ್ಲ ಮಗಳೇ. ಶಾಫ್ಟಿಗೆ ಬೆಣೆ ಹೊಡೆದು ಕೂರಿಸಿದ್ದು ನಮ್ಮಪ್ಪನ ಕಾಲದಲ್ಲಿ, ತೆಗೆದರೆ ಕಲ್ಲು ಸೀಳುತ್ತೆ. ದಪ್ಪ ಅಳೆದು ಹೇಳ್ತೇನೆ. ತೊಟ್ಟಿ ಖಾಲಿ ಮಾಡಿದ್ದೇನೆ, ಈ ಮಳೆಯಲ್ಲಿ ಒಣಗಲು ಸಮಯ ಬೇಕು.

ಟೂಲ್‌ರೂಮ್_ಅಣ್ಣ

ದಪ್ಪ ಸಿಕ್ಕಿದರೆ ಸಾಕು. ಮರಳುಗಲ್ಲು ಒಂದು ಘನ ಮೀಟರಿಗೆ 2300 ಕೆಜಿ ಅಂತ ಹಿಡಿದರೆ, 60 ಸೆಂ.ಮೀ. ಅಗಲದ ಕಲ್ಲಿಗೆ ಪ್ರತಿ ಸೆಂ.ಮೀ. ದಪ್ಪಕ್ಕೆ ಆರೂವರೆ ಕೆಜಿ. 44 ಸರಿ ಇದ್ದರೆ ದಪ್ಪ 6.8 ಸೆಂ.ಮೀ. ಬರಬೇಕು. ಅಂಚಿನ ಸುತ್ತ ನಾಲ್ಕು ಕಡೆ ಅಳೆಯಿರಿ, ಸವೆದ ಕಡೆ ಕಡಿಮೆ ಇರುತ್ತದೆ. 6ರಿಂದ 7ರ ನಡುವೆ ಬಂದರೂ ನಮ್ಮ 0.042 ತೀರಾ ದೂರ ಇಲ್ಲ ಅಂತ ಗೇರ್‌ಬಾಕ್ಸ್ ಒಪ್ಪಬೇಕು.

ಗೇರ್‌ಬಾಕ್ಸ್

ಒಣಗಿದ ಮೇಲೆ ಅಳೆದ ಅಂಕಿಯೂ ಬರಲಿ. ಎರಡೂ ಕೂಡಿದರೆ ಒಪ್ತೇನೆ.